ಶಿಖರ ಒಂದು ಕಡೆ, ಕಡಿದಾದ ಏರು ಇನ್ನೊಂದು ಕಡೆ

ಪುಣೆಯ ವೇತಾಳ ಟೇಕಡಿ ಎಂಬ ಗುಡ್ಡಕ್ಕೆ ಭಾನುವಾರ ಅಣ್ಣನ ಮಗಳ ಜೊತೆ ಹೋಗಿದ್ದೆ. ಕಾಲೇಜಿನ ಮೊದಲ ವರ್ಷ, ತಲೆ ತುಂಬ ಗ್ರೇಡಿಯಂಟ್. ಅರ್ಧ ದಾರಿಯಲ್ಲಿ ನಿಂತು ಕೇಳಿದಳು: "ಕಾಕಾ, ಗ್ರೇಡಿಯಂಟ್ ಅಂದ್ರ ತುದಿ ಕಡೆ ತೋರಸೋ ಬಾಣ ಅಲ್ಲೇನು?"

ಅಲ್ಲ. ಕಾಲಬುಡದಲ್ಲಿ ಯಾವ ಕಡೆ ಏರು ಜಾಸ್ತಿ ಅನ್ನೋದಷ್ಟೇ ಅದಕ್ಕೆ ಗೊತ್ತು. ತುದಿ ಎಲ್ಲಿದೆ ಅನ್ನೋದು ಗೊತ್ತಿಲ್ಲ.

ಕಲ್ಲಿನ ಮೇಲೆ ಕೂತು ಒಂದು ಗುಡ್ಡ ಬರೆದೆವು. ಪೂರ್ವ-ಪಶ್ಚಿಮಕ್ಕೆ ಉದ್ದ, ಉತ್ತರ-ದಕ್ಷಿಣಕ್ಕೆ ಗಿಡ್ಡ:

```
h = 200 − 10x² − 20y²
```

ಎತ್ತರ ಮೀಟರಿನಲ್ಲಿ. ತುದಿಯಿಂದ x ಪೂರ್ವಕ್ಕೆ, y ಉತ್ತರಕ್ಕೆ, ಎರಡೂ ನೂರು ಮೀಟರಿನ ಲೆಕ್ಕದಲ್ಲಿ. ನಾವು (2, 1)ರಲ್ಲಿ ನಿಂತಿದ್ದೇವೆ ಅಂದುಕೊಳ್ಳಿ. ಎತ್ತರ 140 ಮೀಟರ್. ಪೂರ್ವಕ್ಕೆ ಎಷ್ಟು ಏರು, ಉತ್ತರಕ್ಕೆ ಎಷ್ಟು ಏರು ಎಂಬ ಜೋಡಿಯೇ ಗ್ರೇಡಿಯಂಟ್: (−20x, −40y), ಅಂದರೆ ಇಲ್ಲಿ (−40, −40). ಬಾಣ ಸರಿಯಾಗಿ ನೈಋತ್ಯಕ್ಕೆ. ತುದಿ ಇರೋದು ಅದಕ್ಕಿಂತ ಸ್ವಲ್ಪ ಪಶ್ಚಿಮಕ್ಕೆ ವಾಲಿ.

ಬೇರೆ ದಿಕ್ಕಿಗೆ ನಡೆದರೆ ಎಷ್ಟು ಏರುತ್ತೇವೆ? ಆ ದಿಕ್ಕಿನ ಒಂದು ಮಾನ ಉದ್ದದ ಬಾಣವನ್ನು ಗ್ರೇಡಿಯಂಟಿನ ಜೊತೆ ಡಾಟ್ ಮಾಡಿದರೆ, ಅಂದರೆ x ಭಾಗಗಳನ್ನು ಗುಣಿಸಿ, y ಭಾಗಗಳನ್ನು ಗುಣಿಸಿ, ಎರಡನ್ನೂ ಕೂಡಿದರೆ, ಬರುವುದೇ ಡೈರೆಕ್ಷನಲ್ ಡೆರಿವೇಟಿವ್. ನಿಂತ ಜಾಗದ ಲೆಕ್ಕದಲ್ಲಿ, ನೇರ ಪಶ್ಚಿಮಕ್ಕೆ ನೂರು ಮೀಟರಿಗೆ 40 ಮೀಟರ್ ಏರು. ತುದಿಯ ಕಡೆ 53.7. ನೈಋತ್ಯಕ್ಕೆ 56.6, ಇದೇ ಗರಿಷ್ಠ. ವಾಯವ್ಯಕ್ಕೆ ಸೊನ್ನೆ: ಅದು ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಕಂಟೂರ್ ಗೆರೆಯ ದಿಕ್ಕು, ಗ್ರೇಡಿಯಂಟ್ ಅದಕ್ಕೆ ಯಾವಾಗಲೂ ಲಂಬ. ಏರು ಕಡಿದಾದ ದಾರಿಯನ್ನೇ ಹೆಜ್ಜೆಹೆಜ್ಜೆಗೂ ಹಿಡಿದರೆ y = x²/4 ಎಂಬ ಬಾಗಿದ ದಾರಿ ಸಿಗುತ್ತದೆ. ಮೊದಲು ಗುಡ್ಡದ ಬೆನ್ನಿನ ಕಡೆ ಸರಿದು, ಆಮೇಲೆ ಬೆನ್ನಿನ ಗುಂಟ ತುದಿಗೆ.

ಈ ದಾರಿಯ ಕೆಲಸ ಹಳೆಯದು. 1847ರಲ್ಲಿ ಫ್ರಾನ್ಸಿನ ಗಣಿತಜ್ಞ ಕೋಶಿ ಒಟ್ಟಿಗೆ ಬಿಡಿಸಬೇಕಾದ ಸಮೀಕರಣಗಳಿಗೆ ಇದನ್ನು ಬಳಸಿದ. ಅವನ ಕಣ್ಣು ಗ್ರಹಗಳ ಕಕ್ಷೆಯ ಲೆಕ್ಕದ ಮೇಲಿತ್ತು. ಅವನು ಇಳಿಯುತ್ತಿದ್ದ, ನಾವು ಏರುತ್ತಿದ್ದೇವೆ, ಅಷ್ಟೇ ವ್ಯತ್ಯಾಸ. 1859ರಲ್ಲಿ ಕೇಲಿ, 1870ರಲ್ಲಿ ಮ್ಯಾಕ್ಸ್‌ವೆಲ್ ಕಂಟೂರ್ ಮತ್ತು ಇಳಿಜಾರಿನ ಗೆರೆಗಳ ಬಗ್ಗೆಯೇ ಬರೆದರು. ಗ್ರೇಡಿಯಂಟ್ ಬರೆಯಲು ಬಳಸುವ ಹ್ಯಾಮಿಲ್ಟನ್ನನ ∇ ಚಿಹ್ನೆಗೆ ‘ನಾಬ್ಲಾ’ ಎಂಬ ಹೆಸರು ಬಂದದ್ದು ಒಂದು ಹಳೆಯ ತಂತಿವಾದ್ಯದಿಂದ. ಆಕಾರ ಹಾಗೇ ಇದೆ, ಅಲ್ವಾ?

ಆದರೆ ಲೆಕ್ಕ ಮಾಡುವವರು ಬಾಗಿದ ದಾರಿಯಲ್ಲಿ ನಡೆಯಲ್ಲ, ನೇರ ತುಂಡುಗಳಲ್ಲಿ ನಡೆಯುತ್ತಾರೆ. ನಮ್ಮ ಗುಡ್ಡದಲ್ಲಿ ನೈಋತ್ಯಕ್ಕೆ, ಏರು ನಿಲ್ಲುವವರೆಗೆ ಹೋದರೆ (2/3, −1/3). ಗುಡ್ಡದ ಬೆನ್ನು ದಾಟಿ ಆಚೆ ಬಂದೆವು! ಎತ್ತರ 193.3. ಈಗ ಬಾಣ ವಾಯವ್ಯಕ್ಕೆ, ಹಿಂದಿನ ದಾರಿಗೆ ಸರಿಯಾಗಿ ಲಂಬ. ಮುಂದಿನ ತುಂಡು ಮತ್ತೆ ಬೆನ್ನು ದಾಟಿಸಿ (2/9, 1/9)ಕ್ಕೆ ಬಿಡುತ್ತದೆ. ಪ್ರತಿ ಸಲ ತುದಿಯ ದೂರ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ, ಹಾವಿನ ಹಾಗೆ ಅತ್ತಿತ್ತ. ಗುಡ್ಡ ಇನ್ನೂ ಉದ್ದ, ಸಪುರ ಇದ್ದರೆ ಈ ಅಂಕುಡೊಂಕು ಇನ್ನೂ ನಿಧಾನ.

"ಅಂದ್ರ ಆ ಸುತ್ತು ದಾರಿನ ವಾಸಿ," ಅಂದಳು ಅವಳು, ಜನ ತುಳಿದ ಕಾಲುದಾರಿ ಹಿಡಿಯುತ್ತ.