ಎಂಆರ್‌ಪಿ ಏರಿದರೆ ಗಿರಾಕಿಯೂ ಏರುವುದೇಕೆ? ಕಾಫಿ ಡಬ್ಬಿಯ ಹಿನ್ನೆಲೆ

ಚಿಕ್ಕಮಗಳೂರಿನ ಪುಡಿ ಅಂಗಡಿಗಳಲ್ಲಿ ದಿನಬಳಕೆಯ ಕಾಫಿಪುಡಿಗೆ ಕಿಲೋ ಮೇಲೆ ಇಪ್ಪತ್ತು ರೂಪಾಯಿ ಏರಿದರೂ ಗಿರಾಕಿ ಕೂಡಲೇ ಲೆಕ್ಕ ಹಾಕುತ್ತಾರೆ. ಅರ್ಧ ಕಿಲೋ ಒಯ್ಯುತ್ತಿದ್ದವರು ಕಾಲು ಕಿಲೋ ಕಟ್ಟಿಸುತ್ತಾರೆ, ಇಲ್ಲವೇ ಚಿಕೋರಿ ಸ್ವಲ್ಪ ಜಾಸ್ತಿ ಹಾಕಿಸುತ್ತಾರೆ. ಅದೇ ಊರಿನಲ್ಲಿ ಎಸ್ಟೇಟಿನ ಹೆಸರು ಹೊತ್ತ 250 ಗ್ರಾಂ ಉಡುಗೊರೆ ಡಬ್ಬಿಯ ನಡೆ ಬೇರೆ. ಬೆಲೆ ತಗ್ಗಿಸಿದರೆ ಅದು ಕಪಾಟಿನಲ್ಲೇ ಉಳಿಯಬಹುದು, ಏರಿಸಿದರೆ ಹೋಗಬಹುದು. ಎರಡರಲ್ಲೂ ಇರುವುದು ಕಾಫಿಯೇ. ವ್ಯತ್ಯಾಸ ಇರುವುದು ಬೆಲೆಯನ್ನು ಯಾರು ನೋಡುತ್ತಾರೆ ಎಂಬುದರಲ್ಲಿ.

ಈ ನಡವಳಿಕೆಗೆ ಹೆಸರು ಕೊಟ್ಟವರು ಅಮೆರಿಕದ ಅರ್ಥಶಾಸ್ತ್ರಜ್ಞ ಥಾರ್‌ಸ್ಟೀನ್ ವೆಬ್ಲೆನ್. ಇತರರ ಕಣ್ಣಿಗೆ ಬೀಳಲೆಂದೇ ಮಾಡುವ ಖರ್ಚನ್ನು, ನಮ್ಮ ಮಾತಿನಲ್ಲಿ ಡೌಲಿನ ಖರ್ಚನ್ನು, ಅವರು 1899ರ ತಮ್ಮ ಪುಸ್ತಕದಲ್ಲಿ ವಿವರಿಸಿದರು. ಅದರಲ್ಲಿ ಒಂದು ಚಮಚದ ಉದಾಹರಣೆ ಇದೆ. ಕೈಕೆಲಸದ ಬೆಳ್ಳಿ ಚಮಚಕ್ಕೆ ಹತ್ತಿಪ್ಪತ್ತು ಡಾಲರ್, ಯಂತ್ರದಲ್ಲಿ ಮಾಡಿದ ಅಲ್ಯೂಮಿನಿಯಂ ಚಮಚಕ್ಕೆ ಹತ್ತಿಪ್ಪತ್ತು ಸೆಂಟ್. ಊಟಕ್ಕೆ ಎರಡೂ ಒಂದೇ. ಕೈಕೆಲಸದ್ದು ಎಂದುಕೊಂಡಿದ್ದ ಚಮಚ ನಕಲಿ ಎಂದು ಗೊತ್ತಾದ ಕೂಡಲೇ, ಅದು ಕೊಡುತ್ತಿದ್ದ ತೃಪ್ತಿಯ ಬಹುಪಾಲು ಕರಗಿಬಿಡುತ್ತದೆ ಎನ್ನುತ್ತಾರೆ ವೆಬ್ಲೆನ್. ಚಮಚ ಮಾತ್ರ ಮೊದಲಿದ್ದಂತೆಯೇ ಇರುತ್ತದೆ.

ಅವರು ಇದನ್ನು ಲೆಕ್ಕಕ್ಕೆ ಇಳಿಸಲಿಲ್ಲ. ಆ ಕೆಲಸ ಮಾಡಿದವರು ಹಾರ್ವೆ ಲೈಬೆನ್‌ಸ್ಟೈನ್, 1950ರಲ್ಲಿ. ಇಂಥ ವಸ್ತುವಿಗೆ ಎರಡು ಬೆಲೆ ಇರುತ್ತವೆ ಎಂಬುದು ಅವರ ಮುಖ್ಯ ಮಾತು. ಒಂದು, ಕೊಳ್ಳುವವರು ನಿಜವಾಗಿ ಕೊಟ್ಟ ಬೆಲೆ. ಇನ್ನೊಂದು, ಇಷ್ಟು ಕೊಟ್ಟಿರಬೇಕು ಎಂದು ನೋಡುವವರು ಭಾವಿಸುವ ಬೆಲೆ. ಇದನ್ನು ತೋರಿಕೆಯ ಬೆಲೆ ಎನ್ನೋಣ. ನಿಜದ ಬೆಲೆ ಇಳಿದರೆ ಎಲ್ಲ ವಸ್ತುವಿನ ಹಾಗೆ ಇದಕ್ಕೂ ಬೇಡಿಕೆ ಹೆಚ್ಚುತ್ತದೆ. ತೋರಿಕೆಯ ಬೆಲೆ ಏರಿದರೂ ಹೆಚ್ಚುತ್ತದೆ. ಎರಡೂ ಒಟ್ಟಿಗೆ ಏರಿದಾಗ ಯಾವುದರ ಎಳೆತ ಜೋರು ಎಂಬುದೇ ಪ್ರಶ್ನೆ.

ನಮ್ಮಲ್ಲಿ ಈ ತೋರಿಕೆಯ ಬೆಲೆ ಊಹೆಯ ಮಾತೂ ಅಲ್ಲ. ಪೊಟ್ಟಣ ಕಟ್ಟಿ ಮಾರುವ ಸರಕಿನ ಮೇಲೆ ಗರಿಷ್ಠ ಮಾರಾಟ ಬೆಲೆ ಅಚ್ಚಾಗಿರಲೇಬೇಕು. ಉಡುಗೊರೆ ಪಡೆದವರು ಡಬ್ಬಿ ತಿರುಗಿಸಿ ನೋಡುವುದು ಅದನ್ನೇ.

ಒಂದು ಕಲ್ಪಿತ ಲೆಕ್ಕ ಹಾಕಿ ನೋಡೋಣ. ಡಬ್ಬಿಯ ಬೆಲೆ 500 ಎಂದು ಎಲ್ಲರೂ ತಿಳಿದಿದ್ದಾರೆ, ಮಾರಾಟವೂ 500ಕ್ಕೇ. ತಿಂಗಳಿಗೆ 40 ಡಬ್ಬಿ ಹೋಗುತ್ತವೆ. ಈಗ ಅದೇ ಕಾಫಿಗೆ 1,000 ಅಚ್ಚು ಹಾಕಿ 1,000ಕ್ಕೇ ಮಾರಿದರೆ 60 ಹೋಗುತ್ತವೆ ಎನ್ನಿ. ಮನೆ ಬಳಕೆಗೆ ಕೊಳ್ಳುತ್ತಿದ್ದ ಕೆಲವರು ಬಿಟ್ಟರು, ಮದುವೆಗೋ ಕಚೇರಿಯ ಹಿರಿಯರಿಗೋ ಕೊಡಲು ಏನಾದರೂ ಹುಡುಕುತ್ತಿದ್ದವರು ಬಂದರು. ಇನ್ನೂ ಏರಿಸಿ 2,000ಕ್ಕೆ ಒಯ್ದರೆ 30ಕ್ಕೆ ಕುಸಿಯುತ್ತದೆ, ಏಕೆಂದರೆ ಉಡುಗೊರೆಗೂ ಜೇಬಿನ ಮಿತಿ ಇದೆ. ಅಂದರೆ ಬೇಡಿಕೆಯ ಗೆರೆ ಮೇಲೇರುವುದು ನಡುವಿನ ಒಂದು ತುಂಡಿನಲ್ಲಿ ಮಾತ್ರ. ದುಬಾರಿ ಮಾಡಿದಷ್ಟೂ ಮಾರಾಟ ಎಂದು ಹೊರಟವರು ಈ ತಿರುವನ್ನು ಮರೆತೇ ಗಿರಾಕಿಗಳನ್ನು ಕಳೆದುಕೊಳ್ಳುತ್ತಾರೆ.

ರಿಯಾಯಿತಿಯ ಸೆಳೆತವೂ ಇಲ್ಲೇ ಅರ್ಥವಾಗುತ್ತದೆ. 1,000 ಅಚ್ಚಾದ ಡಬ್ಬಿಯನ್ನು 800ಕ್ಕೆ ಕೊಟ್ಟರೆ ಆ ತಿಂಗಳು 85 ಹೋಗಬಹುದು. ಕೊಂಡವರು ಕೊಟ್ಟದ್ದು 800, ಪಡೆದವರು ಕಂಡದ್ದು 1,000. ಆದರೆ ವರ್ಷವಿಡೀ 800 ಎಂಬ ಫಲಕ ನೇತುಹಾಕಿದರೆ ಎರಡನೇ ಹಬ್ಬದ ಹೊತ್ತಿಗೆ ಆ ಡಬ್ಬಿ ಎಂಟುನೂರರದ್ದು ಎಂದು ಊರಿಗೆಲ್ಲ ಗೊತ್ತಾಗಿರುತ್ತದೆ. ತೋರಿಕೆಯ ಬೆಲೆ 800ಕ್ಕೆ ಇಳಿಯುತ್ತದೆ, ಮಾರಾಟವೂ 60ಕ್ಕಿಂತ ಕೆಳಗೆ ಬರುತ್ತದೆ. ಆಮೇಲೆ 1,000ಕ್ಕೆ ಹಿಂದಿರುಗುವುದು ಬಹಳ ಕಷ್ಟ.

ಮೂವತ್ತೈದು ವರ್ಷದ ಹಿಂದೆ ಇಲ್ಲಿ ಇಂಥ ಡಬ್ಬಿ ಹುಟ್ಟುವಂತೆಯೇ ಇರಲಿಲ್ಲ. 1942ರ ಕಾಫಿ ಕಾಯ್ದೆಯ ಕೆಳಗೆ ಬೆಳೆಗಾರರು ಫಸಲನ್ನು ಕಾಫಿ ಮಂಡಳಿಯ ಪೂಲಿಗೆ ಹಾಕಬೇಕಿತ್ತು. ಮೂಡಿಗೆರೆಯದು, ಸಕಲೇಶಪುರದ್ದು, ಕೊಡಗಿನದು ಎಲ್ಲ ಪೂಲಿನಲ್ಲಿ ಸೇರಿ, ಜಾತಿ ಮತ್ತು ದರ್ಜೆಯ ಮೇಲೆ ಮಾರಾಟವಾಗುತ್ತಿತ್ತು. ಹಣ ಬರುತ್ತಿದ್ದುದು ಕಂತಿನಲ್ಲಿ. ತೋಟದ ಹೆಸರು ಅಲ್ಲೇ ಅಳಿಸಿಹೋಗುತ್ತಿತ್ತು, ಹೆಸರಿಲ್ಲದ ಮಾಲಿಗೆ ಡೌಲು ಅಂಟುವುದಿಲ್ಲ. 1992ರಿಂದ ಹಂತ ಹಂತವಾಗಿ ಸ್ವಂತ ಮಾರಾಟಕ್ಕೆ ಅವಕಾಶ ಸಿಕ್ಕಿ, 1996ರ ಹೊತ್ತಿಗೆ ಪೂಲಿಂಗ್ ಮುಗಿಯಿತು. ಎಸ್ಟೇಟಿನ ಹೆಸರಿನ ಪೊಟ್ಟಣಗಳಿಗೆ ದಾರಿಯಾದದ್ದು ಹೀಗೆ. 2019ರಲ್ಲಿ ಚಿಕ್ಕಮಗಳೂರು ಅರೇಬಿಕಾಕ್ಕೂ ಬಾಬಾಬುಡನ್‌ಗಿರಿ ಅರೇಬಿಕಾಕ್ಕೂ ಭೌಗೋಳಿಕ ಗುರುತು ಸಿಕ್ಕಿತು.

ಈ ಸಾಲಿನ ತುತ್ತತುದಿಯಲ್ಲಿ ಬೆಕ್ಕಿನ ಕಾಫಿ ನಿಂತಿದೆ. ಪುನುಗಿನ ಜಾತಿಯ ಕಾಡುಬೆಕ್ಕು ಹಣ್ಣಾದ ಕಾಫಿಯನ್ನು ತಿಂದು, ತಿರುಳು ಕರಗಿಸಿಕೊಂಡು, ಪಾರ್ಚ್‌ಮೆಂಟ್ ಸಿಪ್ಪೆ ಸಮೇತ ಬೀಜವನ್ನು ಹಿಕ್ಕೆಯಲ್ಲಿ ಬಿಡುತ್ತದೆ. ಅದನ್ನು ಆರಿಸಿ, ತೊಳೆದು, ಒಣಗಿಸಿ, ಸಿಪ್ಪೆ ತೆಗೆದು ಹುರಿಯುತ್ತಾರೆ. ಡಚ್ಚರ ಕಾಲದ ಜಾವಾ, ಸುಮಾತ್ರಾಗಳಲ್ಲಿ ಶುರುವಾದ ಪದ್ಧತಿ ಇದು. 1990ರ ದಶಕದಲ್ಲಿ ಪಾಶ್ಚಾತ್ಯ ಪೇಟೆಗಳಲ್ಲಿ ವಿಪರೀತ ಬೆಲೆಗೆ ಹೆಸರಾಯಿತು, ಆಮೇಲೆ ನಮ್ಮ ತೋಟಗಳಿಗೂ ಆಸೆ ಹತ್ತಿತು. 1991ರಲ್ಲಿ ಇದನ್ನು ಬ್ರಿಟನ್ನಿಗೆ ತರಿಸಿದ ಕಾಫಿ ವ್ಯಾಪಾರಿ ಟೋನಿ ವೈಲ್ಡ್ 2013ರಲ್ಲಿ ಇದರ ವಿರುದ್ಧವೇ ಚಳವಳಿ ಹೂಡಿದರು.

ಅದಕ್ಕೆ ಕಾರಣ ಪೂರೈಕೆ. ಕಾಡುಬೆಕ್ಕು ತನ್ನ ಪಾಡಿಗೆ ತಿರುಗಾಡಿ ಬಿಟ್ಟ ಹಿಕ್ಕೆ ಎಷ್ಟು ಸಿಕ್ಕೀತು? ಬೆಲೆ ಏರಿತೆಂದು ಅದು ಹೆಚ್ಚು ತಿನ್ನುವುದಿಲ್ಲ. ಬೇಡಿಕೆ ಮಾತ್ರ ಏರಿದಾಗ ಉಳಿಯುವ ದಾರಿಗಳು ಎರಡು, ಬೋನು ಇಲ್ಲವೇ ಕಲಬೆರಕೆ. ಬೋನಿನಲ್ಲಿಟ್ಟ ಪ್ರಾಣಿಗೆ ಕಾಫಿ ಹಣ್ಣನ್ನೇ ಸುರಿದರೆ ಅದು ಸೊರಗುತ್ತದೆ, ಇದ್ದಲ್ಲೇ ಸುತ್ತು ಹೊಡೆಯುತ್ತದೆ. ನಮ್ಮಲ್ಲಿ ಕಾಡುಬೆಕ್ಕನ್ನು ಹಿಡಿದು ಕೂಡಿಹಾಕುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ ಕೂಡ. ಇನ್ನು ಕಲಬೆರಕೆಯನ್ನು ಹುರಿದ ಪುಡಿಯಲ್ಲಿ ಕಣ್ಣಿನಿಂದ ಪತ್ತೆ ಮಾಡಲಾಗದು. 2013ರಲ್ಲಿ ಜಪಾನ್ ಮತ್ತು ಇಂಡೋನೇಷ್ಯಾದ ಸಂಶೋಧಕರು ಸಿಟ್ರಿಕ್ ಆಮ್ಲದಂಥ ಕೆಲವು ಗುರುತುಗಳನ್ನು ಕಂಡುಕೊಂಡರು, ಆದರೆ ಅದು ಪ್ರಯೋಗಾಲಯದ ಕೆಲಸ, ಅಂಗಡಿಯದಲ್ಲ. ಹೀಗಾಗಿ ಕೊಳ್ಳುವವರಿಗೆ ಸಿಗುವ ಪುರಾವೆ ಎಂದರೆ ಬೆಲೆಯೊಂದೇ. ಅಗ್ಗವಾದರೆ ನಕಲಿ ಎನ್ನುತ್ತಾರೆ, ದುಬಾರಿಯಾದರೆ ಅಸಲಿ ಎಂದು ನಂಬುತ್ತಾರೆ. ವೆಬ್ಲೆನ್‌ರ ಚಮಚದ ನಕಲು ಎಂದಾದರೂ ಬಯಲಾಗುತ್ತಿತ್ತು, ಇಲ್ಲಿ ಅದೂ ಆಗುವುದಿಲ್ಲ.

ಬೆಲೆ ಏರಿದಾಗ ಬೇಡಿಕೆ ಏರಿದ್ದೆಲ್ಲ ಡೌಲು ಎಂದೂ ತೀರ್ಮಾನಿಸಬಾರದು. ಕಡುಬಡವರಲ್ಲಿ ಮುಖ್ಯ ಆಹಾರ ದುಬಾರಿಯಾದಾಗ ಉಳಿದದ್ದನ್ನೆಲ್ಲ ಬಿಟ್ಟು ಅದನ್ನೇ ಹೆಚ್ಚು ಕೊಳ್ಳುವುದುಂಟು. ಅದಕ್ಕೆ ಗಿಫೆನ್ ಪರಿಣಾಮ ಎಂದು ಹೆಸರು, ಪುಸ್ತಕಗಳಲ್ಲಿ ಆಲೂಗಡ್ಡೆಯನ್ನು ಅದಕ್ಕೆ ಜೋಡಿಸುವ ರೂಢಿಯಿದೆ. ಹಾಸನದ ಮಾರುಕಟ್ಟೆಯಲ್ಲಿ ಆಲೂಗಡ್ಡೆ ತೇಜಿಯಾದಾಗ ನಾಳೆ ಇನ್ನೂ ಏರೀತೆಂದು ವ್ಯಾಪಾರಿಗಳು ಇಂದೇ ಹೆಚ್ಚು ಎತ್ತಿದರೆ ಅದು ಇವೆರಡೂ ಅಲ್ಲ, ಮುಂದಿನ ಬೆಲೆಯ ನಿರೀಕ್ಷೆ ಅಷ್ಟೆ.

ಡಬ್ಬಿಯ ವಿಷಯದಲ್ಲಿ ಬಿಡಿಸಿ ನೋಡಬೇಕಾದದ್ದು ರುಚಿಯ ನಂಬಿಕೆಯನ್ನು ಮತ್ತು ಡೌಲನ್ನು. ಬೆಲೆ ಹೆಚ್ಚಿದ್ದರೆ ಕಾಫಿಯೂ ಚೆನ್ನಾಗಿದ್ದೀತು ಎಂದು ಕೊಳ್ಳುವವರು ಮನೆಯಲ್ಲಿ ಕುಡಿಯಲು ಒಯ್ಯುತ್ತಾರೆ. ರುಚಿ ಹಿಡಿಸಿದರೆ ತಿಂಗಳೊಳಗೆ ಮತ್ತೆ ಬರುತ್ತಾರೆ, ಹಿಡಿಸದಿದ್ದರೆ ಬರುವುದೇ ಇಲ್ಲ. ಡೌಲಿಗೆ ಕೊಳ್ಳುವವರು ಒಂದೇ ಸಲ ಐದಾರು ಡಬ್ಬಿ ಎತ್ತುತ್ತಾರೆ, ಮುಂದಿನ ಹಬ್ಬಕ್ಕೋ ಮದುವೆಗೋ ಮರಳುತ್ತಾರೆ, ರುಚಿಯ ಬಗ್ಗೆ ತಕರಾರು ತರುವುದು ಅಪರೂಪ. ಅದೇ ಹದದಲ್ಲಿ ಹುರಿದ ಅದೇ ಕಾಫಿಯನ್ನು ಅದೇ ತೂಕಕ್ಕೆ ಅದೇ ದರದಲ್ಲಿ ಸಾದಾ ಕಾಗದದ ಪೊಟ್ಟಣದಲ್ಲೂ ಇಟ್ಟು ಎರಡು ತಿಂಗಳು ನೋಡಬೇಕು. ಸಾದಾ ಪೊಟ್ಟಣವೂ ಡಬ್ಬಿಯಷ್ಟೇ ಹೋದರೆ ಜನ ಮೆಚ್ಚಿದ್ದು ಕಾಫಿಯನ್ನು. ಡಬ್ಬಿ ಮಾತ್ರ ಹೋದರೆ, ಬೆಲೆಯನ್ನು ಒಮ್ಮೆಗೇ ಏರಿಸದೆ, ಮಾರಾಟ ಕುಸಿಯತೊಡಗುವ ಆ ತಿರುವು ಎಷ್ಟು ದೂರದಲ್ಲಿದೆ ಎಂದು ನೂರು ನೂರು ರೂಪಾಯಿಯಾಗಿ ಏರಿಸುತ್ತಲೇ ತಿಳಿದುಕೊಳ್ಳಬೇಕು.