ರೇಂಜ್ ಹೋದಾಗ ಆ್ಯಪ್ ಎಷ್ಟು ಹೊತ್ತು ಕಾಯಬೇಕು?

ಕಾಸರಗೋಡಿನ ಪೆರ್ಲ ದಾಟಿ ಗಡಿಯ ಸಾರಡ್ಕದ ಕಡೆಗೆ ಹೋಗುವಾಗ ಫೋನಿಗೆ ಎಲ್ಲಿ ನಿಲ್ಲಬೇಕೆಂದೇ ಗೊತ್ತಾಗುವುದಿಲ್ಲ. ಕೇರಳದ ಟವರ್ ಬಿಟ್ಟು ಕರ್ನಾಟಕದ್ದನ್ನು ಹಿಡಿಯುತ್ತದೆ, ಒಂದು ತಿರುವು ಕಳೆದರೆ ಮತ್ತೆ ವಾಪಸ್. ಮೇಲೆ ಗೀಟುಗಳೆಲ್ಲ ತುಂಬಿರುತ್ತವೆ, ಆದರೆ ಡೇಟಾ ಹೋಗುವುದಿಲ್ಲ. ಗುಡ್ಡದ ಮಧ್ಯದ ಎಣ್ಮಕಜೆ, ಬದಿಯಡ್ಕದ ಒಳಭಾಗಗಳಲ್ಲಿ ಗಡಿ ದಾಟದೆಯೂ ಹೀಗೇ. ಇಂಥ ಕಡೆ ಆ್ಯಪ್ ಕಳಿಸಿದ ಮಾಹಿತಿ ಅರ್ಧದಾರಿಯಲ್ಲಿ ಉಳಿದರೆ ಏನು ಮಾಡಬೇಕು? ಮತ್ತೆ ಕಳಿಸಬೇಕು, ಅಲ್ವಾ? ಅದು ಸರಿಯೇ. ಯಾವಾಗ, ಎಷ್ಟು ಸಲ, ಕಾಯುವವರಿಗೆ ಏನು ಹೇಳಿ ಎಂಬುದರಲ್ಲೇ ಕಷ್ಟ ಇರುವುದು. ಈ ತಲೆನೋವಿಗೆ ಐವತ್ತು ವರ್ಷ ದಾಟಿದೆ.

1971ರಲ್ಲಿ ಹವಾಯಿ ವಿಶ್ವವಿದ್ಯಾಲಯದ ನಾರ್ಮನ್ ಅಬ್ರಾಮ್ಸನ್ ಮತ್ತು ಜೊತೆಗಾರರು ದ್ವೀಪಗಳ ಕಂಪ್ಯೂಟರ್ ಟರ್ಮಿನಲ್‌ಗಳನ್ನು ರೇಡಿಯೊ ಮೂಲಕ ಜೋಡಿಸಿದರು. ಹೆಸರು ಅಲೋಹಾನೆಟ್. ಎಲ್ಲ ಟರ್ಮಿನಲ್‌ಗಳಿಗೂ ಒಂದೇ ಚಾನೆಲ್. ಇಬ್ಬರು ಒಟ್ಟಿಗೆ ಕಳಿಸಿದರೆ ಎರಡೂ ಹಾಳು. ತಲುಪಿತು ಎಂಬ ಉತ್ತರ ಬರದಿದ್ದರೆ ಮತ್ತೆ ಕಳಿಸಬೇಕು. ಇಬ್ಬರೂ ಅಷ್ಟೇ ಹೊತ್ತು ಕಾದು ಕಳಿಸಿದರೆ ಮತ್ತೆ ಡಿಕ್ಕಿ. ಆದ್ದರಿಂದ ಪ್ರತಿಯೊಬ್ಬರೂ ಮನಸ್ಸಿಗೆ ಬಂದಷ್ಟು ಹೊತ್ತು ಕಾಯಲಿ ಎಂದು ಬಿಟ್ಟರು. ಕೆಲಸ ನಡೆಯಿತು, ಆದರೆ ಚಾನೆಲ್‌ನ ಸಾಮರ್ಥ್ಯದಲ್ಲಿ ಉಪಯೋಗಕ್ಕೆ ಬರುವುದು ಹೆಚ್ಚೆಂದರೆ ನೂರರಲ್ಲಿ 18 ಪಾಲು.

ಆ ಕೆಲಸವನ್ನು ಓದಿಕೊಂಡಿದ್ದ ಬಾಬ್ ಮೆಟ್‌ಕಾಫ್ 1973ರಲ್ಲಿ ಕಂಪ್ಯೂಟರ್‌ಗಳನ್ನು ತಂತಿಯಿಂದ ಜೋಡಿಸುವ ಈಥರ್‌ನೆಟ್ ಕಟ್ಟಲು ಹೊರಟಾಗ ಒಂದು ತಿದ್ದುಪಡಿ ಮಾಡಿದರು. ಡಿಕ್ಕಿಯಾದಷ್ಟೂ ಕಾಯುವ ಮಿತಿ ಇಮ್ಮಡಿ ಆಗಬೇಕು. ಜನ ಜಾಸ್ತಿ ಇದ್ದಾರೆ ಎಂದು ಯಾರೂ ಹೇಳಬೇಕಾಗಿಲ್ಲ, ಡಿಕ್ಕಿಯೇ ಹೇಳುತ್ತದೆ. ಮುಂದೆ ಬಂದ ಈಥರ್‌ನೆಟ್ ಮಾನಕದಲ್ಲಿ ಈ ಇಮ್ಮಡಿ ಹತ್ತು ಸಲಕ್ಕೆ ನಿಲ್ಲುತ್ತದೆ. 16 ಸಲ ಸೋತರೆ ಕೈಬಿಟ್ಟು, ಆಗಲಿಲ್ಲ ಎಂದು ಕಳಿಸಲು ಹೇಳಿದ ಪ್ರೋಗ್ರಾಮಿಗೆ ತಿಳಿಸುತ್ತದೆ. ಈ ಕೊನೆಯ ಭಾಗವನ್ನು ಇವತ್ತಿನ ಎಷ್ಟೋ ಆ್ಯಪ್‌ಗಳು ಮರೆತೇಬಿಟ್ಟಿವೆ.

ಇದೆಲ್ಲ ಬರೀ ಲೆಕ್ಕದ ಮಾತಲ್ಲ ಎಂದು ಗೊತ್ತಾಗಿದ್ದು 1986ರ ಅಕ್ಟೋಬರ್‌ನಲ್ಲಿ. ಅಮೆರಿಕದ ಲಾರೆನ್ಸ್ ಬರ್ಕ್ಲಿ ಲ್ಯಾಬ್‌ನಿಂದ ಬರ್ಕ್ಲಿ ವಿಶ್ವವಿದ್ಯಾಲಯಕ್ಕೆ ನಾನೂರು ಗಜ ದೂರ. ಅಷ್ಟರ ನಡುವೆ ಸೆಕೆಂಡಿಗೆ 32 ಸಾವಿರ ಬಿಟ್ ಹೋಗುತ್ತಿದ್ದ ಇಂಟರ್‌ನೆಟ್ ವೇಗ 40 ಬಿಟ್‌ಗೆ ಕುಸಿಯಿತು. ದಾರಿ ತುಂಬಿ ಮಾಹಿತಿಯ ತುಂಡುಗಳಾದ ಪ್ಯಾಕೆಟ್‌ಗಳು ಬಿದ್ದುಹೋಗುತ್ತಿದ್ದವು, ಕಳಿಸಿದವರು ತಲುಪಿಲ್ಲ ಎಂದು ಮತ್ತೆ ಕಳಿಸಿ ಅದೇ ದಾರಿಯನ್ನು ಇನ್ನಷ್ಟು ತುಂಬುತ್ತಿದ್ದರು. ವ್ಯಾನ್ ಜೇಕಬ್ಸನ್ 1988ರಲ್ಲಿ ಪ್ರಕಟಿಸಿದ ಪರಿಹಾರಗಳಿಂದಾಗಿ ಕಳಿಸಿದ ಮಾಹಿತಿ ತಲುಪಿತೇ ಎಂದು ನೋಡಿಕೊಳ್ಳುವ ಟಿಸಿಪಿ ಎಂಬ ಇಂಟರ್‌ನೆಟ್ ವ್ಯವಸ್ಥೆ ತಾಳ್ಮೆ ಕಲಿಯಿತು. ಸೋತಾಗ ಕಾಯುವ ಹೊತ್ತನ್ನು ಇಮ್ಮಡಿ ಮಾಡುತ್ತಾ ಹೋಗುವುದು ಇವತ್ತಿಗೂ ಅದರ ನಿಯಮ.

ಹಾಗಾದರೆ ಆ್ಯಪ್ ಬರೆಯುವವರಿಗೆ ಏನು ಕೆಲಸ ಉಳಿಯಿತು? ಟಿಸಿಪಿ ಕಾಪಾಡುವುದು ಒಂದು ಸಂಪರ್ಕ ಬದುಕಿರುವಷ್ಟು ಹೊತ್ತು ಮಾತ್ರ. ಫೋನು ಟವರ್ ಬದಲಿಸುವಾಗ ಆ ಸಂಪರ್ಕವೇ ಕಡಿದರೆ, ಮುಂದಿನದು ಆ್ಯಪ್‌ನ ತಲೆಗೆ ಬರುತ್ತದೆ.

ಎಣ್ಮಕಜೆ ಕಡೆ ಒಂದು ಹಾಲಿನ ಸೊಸೈಟಿ ಇದೆ ಎಂದುಕೊಳ್ಳಿ. ಬೆಳಗ್ಗೆ ಆರೂವರೆ. 47ನೇ ನಂಬರಿನವರು ಮೂರೂವರೆ ಲೀಟರ್ ತಂದರು. ಅಳೆದವರು ಫೋನಿನಲ್ಲಿ ಬರೆದು ಸೇವ್ ಒತ್ತಿದರು. ಚಕ್ರ ತಿರುಗುತ್ತಲೇ ಇದೆ. ಹಿಂದೆ ಕ್ಯೂ. “ಅಕ್ಕಾ, ಎಂಟ್ರಿ ಆಯ್ತಾ?” ಅಕ್ಕನಿಗೂ ಗೊತ್ತಿಲ್ಲ. ಇನ್ನೊಮ್ಮೆ ಒತ್ತುತ್ತಾರೆ.

ಇಲ್ಲಿ ಎರಡು ಸಾಧ್ಯತೆ ಇದೆ. ಮಾಹಿತಿ ಸರ್ವರಿಗೆ ತಲುಪಿಯೇ ಇಲ್ಲ. ಅಥವಾ ತಲುಪಿ, ಬರೆದಾಗಿ, ಆಯ್ತು ಎಂಬ ಉತ್ತರ ಮಾತ್ರ ವಾಪಸ್ ಬರುವಾಗ ಕಳೆದುಹೋಗಿದೆ. ಫೋನಿಗೆ ಎರಡೂ ಒಂದೇ ಥರ ಕಾಣುತ್ತವೆ. ಎರಡನೆಯದಾಗಿದ್ದರೆ ರಿಟ್ರೈ ಮಾಡಿದ ಕೂಡಲೇ ಮೂರೂವರೆ ಲೀಟರ್ ಏಳಾಗುತ್ತದೆ. ಇದಕ್ಕೆ ಮದ್ದು ಇಷ್ಟೇ. ಸೇವ್ ಒತ್ತಿದ ಕ್ಷಣದಲ್ಲೇ ಆ್ಯಪ್ ಆ ಎಂಟ್ರಿಗೆ ಬೇರೆ ಯಾವುದಕ್ಕೂ ಇಲ್ಲದ ಒಂದು ನಂಬರ್ ಹುಟ್ಟಿಸಿ, ಎಂಟ್ರಿಯ ಜೊತೆ ಫೋನಿನಲ್ಲೇ ಇಟ್ಟುಕೊಳ್ಳಬೇಕು. ಎಷ್ಟು ಸಲ ಕಳಿಸಿದರೂ ಅದೇ ನಂಬರ್ ಹೋಗಬೇಕು. ಪ್ರತಿ ಸಲ ಹೊಸದು ಹುಟ್ಟಿಸಿದರೆ ಇದ್ದೂ ಇಲ್ಲದಂತೆ. ಸರ್ವರ್ ಆ ನಂಬರನ್ನು ಮೊದಲೇ ನೋಡಿದ್ದರೆ ಹೊಸದಾಗಿ ಬರೆಯದೆ, ಹಿಂದೆ ಕೊಟ್ಟ ಉತ್ತರವನ್ನೇ ಕೊಡುತ್ತದೆ. ಹಾಲಿನ ಲೆಕ್ಕವೂ ಈ ನಂಬರೂ ಡೇಟಾಬೇಸ್‌ನಲ್ಲಿ ಒಂದೇ ಏಟಿಗೆ ಸೇರಬೇಕು. ಇಲ್ಲದಿದ್ದರೆ ನಡುವೆ ಕರೆಂಟ್ ಹೋದಾಗ ಒಂದಿದ್ದು ಇನ್ನೊಂದು ಇಲ್ಲದಂತಾಗುತ್ತದೆ.

ಇನ್ನು ಕಾಯುವ ಹೊತ್ತು. ಮಳೆಗಾಲದಲ್ಲಿ ಕರೆಂಟ್ ಹೋಗಿ, ಬ್ಯಾಟರಿ ಮುಗಿದು ಟವರ್ ಮಲಗಿತು. ಕರೆಂಟ್ ಬಂದು ಟವರ್ ಎದ್ದ ಕೂಡಲೇ ಸುತ್ತಲಿನ ಎಲ್ಲ ಫೋನುಗಳೂ ಒಟ್ಟಿಗೆ ಸರ್ವರಿಗೆ ಮುಗಿಬೀಳುತ್ತವೆ. ಎಲ್ಲರೂ 2, 4, 8 ಸೆಕೆಂಡು ಎಂದು ಒಂದೇ ತಾಳದಲ್ಲಿ ಕಾದರೆ ಎಲ್ಲರೂ ಒಂದೇ ಸಲ ಬರುತ್ತಾರೆ. ಹಾಗಾಗಿ ಇಮ್ಮಡಿಯ ಜೊತೆ ಅಬ್ರಾಮ್ಸನ್‌ರ ಹಳೆಯ ಉಪಾಯ, ಮನಸ್ಸಿಗೆ ಬಂದಷ್ಟು ಹೊತ್ತು ಕಾಯುವುದೂ ಬೇಕು. ಇವತ್ತು ಅದನ್ನು ಜಿಟ್ಟರ್ ಎನ್ನುತ್ತಾರೆ.

```
delay = random(0, min(60, 2 * 2**n))
```

ಮೊದಲ ಸೋಲಿಗೆ `n` ಸೊನ್ನೆ. ಮಿತಿ 2 ಸೆಕೆಂಡಿನಿಂದ ಶುರುವಾಗಿ 4, 8, 16, 32 ಆಗಿ 60ಕ್ಕೆ ನಿಲ್ಲುತ್ತದೆ. ಪ್ರತಿ ಸಲವೂ ಸೊನ್ನೆಯಿಂದ ಆ ಮಿತಿಯವರೆಗಿನ ಯಾವುದೋ ಒಂದು ಹೊತ್ತು. ಸರ್ವರ್ ತಾನೇ `Retry-After` ಎಂದು ಹೊತ್ತು ಹೇಳಿದರೆ ಅದಕ್ಕಿಂತ ಮೊದಲು ಹೋಗಬಾರದು. ಸರ್ವರ್ ಸದ್ಯಕ್ಕೆ ಆಗುವುದಿಲ್ಲ ಎನ್ನುವ `503`, ತುಂಬಾ ಸಲ ಕೇಳಿದಿರಿ ಎನ್ನುವ `429` ಬಂದರೆ ಅಥವಾ ಉತ್ತರವೇ ಇಲ್ಲದಿದ್ದರೆ ರಿಟ್ರೈ ಸರಿ. `400` ಬಂದರೆ ಕಳಿಸಿದ್ದೇ ತಪ್ಪು, ಸಾವಿರ ಸಲ ಕಳಿಸಿದರೂ ಅದೇ ಉತ್ತರ.

ಇಷ್ಟೆಲ್ಲ ಮಾಡಿಯೂ ಪರದೆಯ ಮೇಲೆ ಬರೀ ಚಕ್ರ ತಿರುಗುತ್ತಿದ್ದರೆ ಅಕ್ಕ ಮತ್ತೆ ಒತ್ತಿಯೇ ಒತ್ತುತ್ತಾರೆ. ‘Something went wrong’ ಎಂದರಂತೂ ಇನ್ನೂ ಕಷ್ಟ, ಏನು ತಪ್ಪಾಯಿತು, ಹಾಲು ಬರೆದಾಗಿದೆಯೋ ಇಲ್ಲವೋ ಅದು ಹೇಳುವುದಿಲ್ಲ. ವಾಟ್ಸಾಪ್‌ನಲ್ಲಿ ಗಡಿಯಾರದ ಗುರುತು ಇದ್ದರೆ ಮೆಸೇಜ್ ಇನ್ನೂ ಹೋಗಿಲ್ಲ ಎಂದು ನಮ್ಮ ಕಡೆ ಎಲ್ಲರಿಗೂ ಗೊತ್ತು, ಯಾರೂ ಅದನ್ನು ಮತ್ತೆ ಟೈಪ್ ಮಾಡುವುದಿಲ್ಲ. ಇಲ್ಲಿಯೂ ಸೇವ್ ಒತ್ತಿದೊಡನೆ “ಫೋನಿನಲ್ಲಿ ಬರೆದಿದೆ, ಕಳಿಸಲು ಬಾಕಿ” ಎಂದು ತೋರಿಸಿ ಮುಂದಿನವರ ಹಾಲು ಅಳೆಯಲು ಬಿಡಬಹುದು. ಮೇಲೆ “3 ಬಾಕಿ, 20 ಸೆಕೆಂಡಿನಲ್ಲಿ ಮತ್ತೆ ಪ್ರಯತ್ನ” ಎಂಬ ಸಾಲು, ಪಕ್ಕದಲ್ಲಿ “ಈಗಲೇ ಕಳಿಸು” ಬಟನ್. ಸರ್ವರ್ ಹೂಂ ಎಂದ ಮೇಲಷ್ಟೇ “ತಲುಪಿದೆ”. ಒಂದೆರಡು ಸೆಕೆಂಡಿನ ಮೊದಲ ಸೋಲನ್ನು ತೋರಿಸಬೇಕಾಗಿಲ್ಲ, ಸುಮ್ನೆ ಗಾಬರಿ. ಬಹಳ ಸಲ ಸೋತ ಮೇಲೆ ಮಾತ್ರ ಎಂಟ್ರಿಯನ್ನು ಅಳಿಸದೆ ಕೆಂಪಾಗಿ ತೋರಿಸಿ, “ರೇಂಜ್ ಇಲ್ಲ” ಅಥವಾ “ಸದಸ್ಯರ ನಂಬರ್ ತಪ್ಪಿದೆ” ಎಂದು ಕಾರಣ ಹೇಳಬೇಕು. ಮೊದಲನೆಯದಕ್ಕೆ ಕಾಯಬಹುದು, ಎರಡನೆಯದನ್ನು ಅಕ್ಕನೇ ತಿದ್ದಬೇಕು.

ಕೊನೆಗೆ ಹೆಚ್ಚಿನವರು ಎಡವುವ ಒಂದು ಜಾಗ. ಎಂಟ್ರಿಗಳಿಗೆ ಆ್ಯಪ್ ಹುಟ್ಟಿಸಿದ ನಂಬರುಗಳನ್ನು ಸರ್ವರ್ ಎಷ್ಟು ದಿನ ನೆನಪಿಡಬೇಕು? ಜಾಗ ಉಳಿಸಲು 24 ಗಂಟೆಗೆ ಅಳಿಸುವ ಪದ್ಧತಿ ಇದೆ. ಎರಡು ದಿನ ಕರೆಂಟ್ ಇಲ್ಲದ ಊರಿನ ಫೋನು ಮೂರನೇ ದಿನ ರೇಂಜಿಗೆ ಬಂದು ಹಳೆಯ ಎಂಟ್ರಿಯನ್ನು ಮತ್ತೆ ಕಳಿಸಿದರೆ, ಮರೆತ ಸರ್ವರ್ ಅದನ್ನು ಹೊಸದೆಂದು ಬರೆದುಕೊಳ್ಳುತ್ತದೆ. ಹಾಲಿನ ಹಣ ವಾರಕ್ಕೊಮ್ಮೆ ಕೊಡುವ ಸೊಸೈಟಿಯಾದರೆ ಆ ಬಿಲ್ ಮುಗಿಯುವವರೆಗಾದರೂ ನಂಬರ್ ಉಳಿಸಿಕೊಂಡು, ಬಿಲ್ ಆದ ಮೇಲೆ ಬರುವ ಹಳೆಯ ಎಂಟ್ರಿಗಳನ್ನು ತಾನಾಗಿ ಸೇರಿಸದೆ ಕಾರ್ಯದರ್ಶಿಯ ಪಟ್ಟಿಗೆ ಹಾಕಬೇಕು.