ಎರಡು ಮಧ್ಯಮ ಮೊಟ್ಟೆಗಳ ಕ್ಯಾಲರಿ: ಲೆಕ್ಕ ಎಲ್ಲಿ ತಪ್ಪುತ್ತದೆ, ಹೇಗೆ ಬರೆಯಬೇಕು

ಆಹಾರದ ಲೆಕ್ಕ ಬರೆದಿಡುವ ಆ್ಯಪ್‌ನಲ್ಲಿ ಬರೀ ‘ಮೊಟ್ಟೆ’ ಎಂದು ಹುಡುಕಿದರೆ ಸಾಮಾನ್ಯವಾಗಿ ಸಿಗುವ 72 ಕ್ಯಾಲರಿಯು ಅಮೆರಿಕದ ಕೃಷಿ ಇಲಾಖೆಯ ಪಟ್ಟಿಯಿಂದ ಬಂದದ್ದು. ಅದು ಚಿಪ್ಪು ಕಳೆದು 50 ಗ್ರಾಂ ತೂಗುವ ‘ದೊಡ್ಡ’ ಮೊಟ್ಟೆಯದು. ಅದೇ ಪಟ್ಟಿಯಲ್ಲಿ ಮಧ್ಯಮ ಮೊಟ್ಟೆಗೆ 44 ಗ್ರಾಂ ಮತ್ತು ಸುಮಾರು 63 ಕ್ಯಾಲರಿ ಇದೆ. ಎರಡಕ್ಕೂ ಆಧಾರ ಒಂದೇ: ಚಿಪ್ಪಿಲ್ಲದ ಹಸಿ ಮೊಟ್ಟೆಯ 100 ಗ್ರಾಂಗೆ 143 ಕ್ಯಾಲರಿ. ಗಾತ್ರದೊಂದಿಗೆ ಬದಲಾಗುವುದು ಮುಖ್ಯವಾಗಿ ತಿನ್ನುವ ಭಾಗದ ತೂಕವೇ ಹೊರತು ಮೊಟ್ಟೆಯ ಗುಣವಲ್ಲ.

ಆದರೆ ಈ ಅನುಪಾತ ಪೂರ್ತಿ ನಿಖರವಲ್ಲ ಎಂಬುದನ್ನೂ ತಿಳಿದಿರಬೇಕು. ಕೊಬ್ಬೆಲ್ಲ ಹಳದಿ ಭಾಗದಲ್ಲೇ ಇರುವುದರಿಂದ ಅದರ 100 ಗ್ರಾಂನಲ್ಲಿ ಸುಮಾರು 320 ಕ್ಯಾಲರಿ ಇದ್ದರೆ, ಬಹುಪಾಲು ನೀರೇ ಆಗಿರುವ ಬಿಳಿ ಭಾಗದಲ್ಲಿ ಸುಮಾರು 52 ಮಾತ್ರ. ಹೀಗಾಗಿ ಒಂದೇ ತೂಕದ ಎರಡು ಮೊಟ್ಟೆಗಳಲ್ಲಿ ಹಳದಿ ಹೆಚ್ಚಿರುವುದಕ್ಕೆ ಕ್ಯಾಲರಿಯೂ ತುಸು ಹೆಚ್ಚು. ದಿನನಿತ್ಯದ ಲೆಕ್ಕದಲ್ಲಿ ಈ ವ್ಯತ್ಯಾಸವನ್ನು ಬಿಟ್ಟುಬಿಡಬಹುದು.

ಹೆಚ್ಚು ತೊಂದರೆ ಕೊಡುವುದು ‘ಮಧ್ಯಮ’ ಎಂಬ ಹೆಸರೇ. ಯುರೋಪಿನಲ್ಲಿ ಚಿಪ್ಪು ಸಹಿತ 53ರಿಂದ 63 ಗ್ರಾಂ ತೂಗುವ ಮೊಟ್ಟೆಯನ್ನು ಮಧ್ಯಮ ಎನ್ನುತ್ತಾರೆ, ಅಮೆರಿಕದಲ್ಲಿ ಮಧ್ಯಮ ಮೊಟ್ಟೆ ಚಿಪ್ಪು ಸಹಿತ 50 ಗ್ರಾಂ ಆಸುಪಾಸಿನದು. ನಮ್ಮಲ್ಲಂತೂ ಬಿಡಿಯಾಗಿ ಕೊಳ್ಳುವ ಮೊಟ್ಟೆಗೆ ಎಷ್ಟೋ ಸಲ ಗಾತ್ರದ ಗುರುತೇ ಇರುವುದಿಲ್ಲ, ನಾಟಿ ಕೋಳಿಯ ಮೊಟ್ಟೆ ಸಾಮಾನ್ಯವಾಗಿ ಇನ್ನೂ ಚಿಕ್ಕದು. ಆದ್ದರಿಂದ ತಕ್ಕಡಿಯನ್ನು ನಂಬುವುದೇ ಸರಿ ಎಂದು ನನ್ನ ಅಭಿಪ್ರಾಯ.

ಒಂದು ಲೆಕ್ಕವನ್ನು ಮಾಡಿ ನೋಡೋಣ. ಖಾಲಿ ಬಟ್ಟಲನ್ನು ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲಿಟ್ಟು, ತೂಕವನ್ನು ಸೊನ್ನೆಗೆ ತಂದು, ಎರಡೂ ಮೊಟ್ಟೆಗಳನ್ನು ಅದರೊಳಗೆ ಒಡೆಯಬೇಕು. ಚಿಪ್ಪಿನೊಂದಿಗೆ 98 ಗ್ರಾಂ ಇದ್ದವು ಈಗ 87 ಗ್ರಾಂ ತೋರಿಸಿದವು ಎಂದುಕೊಳ್ಳೋಣ. 87ನ್ನು 1.43ರಿಂದ ಗುಣಿಸಿದರೆ ಸುಮಾರು 124 ಕ್ಯಾಲರಿ. ಆ್ಯಪ್‌ನಲ್ಲಿ ‘ಹಸಿ ಇಡೀ ಮೊಟ್ಟೆ’ಯನ್ನು ಆರಿಸಿ, ಅಳತೆಯನ್ನು ಗ್ರಾಂಗೆ ಬದಲಿಸಿ, 87 ಎಂದು ನಮೂದಿಸಬೇಕು. ತಕ್ಕಡಿ ಇಲ್ಲದಿದ್ದರೆ ‘ಮಧ್ಯಮ’ವನ್ನು ಆರಿಸಿ 2 ಎಂದು ಬರೆದರೆ 126 ಬರುತ್ತದೆ, ಅದೂ ಸಾಕಷ್ಟು ಹತ್ತಿರದ ಉತ್ತರ.

ತಪ್ಪಾಗಿದೆಯೇ ಎಂದು ಮೊತ್ತವೇ ಹೇಳುತ್ತದೆ. 144 ಬಂದಿದ್ದರೆ ದೊಡ್ಡ ಮೊಟ್ಟೆಯ ನಮೂದು ಆಯ್ಕೆಯಾಗಿದೆ, 140 ಬಂದಿದ್ದರೆ ಚಿಪ್ಪಿನ ತೂಕವೂ ಸೇರಿ 98 ಗ್ರಾಂ ಲೆಕ್ಕವಾಗಿದೆ, 286 ಬಂದಿದ್ದರೆ ಅಳತೆ 100 ಗ್ರಾಂ ಆಗಿರುವಾಗ 2 ಎಂದು ಬರೆದಿದ್ದೀರಿ. ಆಮ್ಲೆಟ್ ಮಾಡಿದರೆ ಎಣ್ಣೆಯನ್ನು ಬೇರೆಯೇ ಬರೆಯಬೇಕು, ಏಕೆಂದರೆ ಒಂದು ಟೀ ಚಮಚ ಎಣ್ಣೆಯ ಸುಮಾರು 40 ಕ್ಯಾಲರಿಯು ಎರಡು ಗಾತ್ರಗಳ ನಡುವಿನ ಈ 18 ಕ್ಯಾಲರಿಯ ಅಂತರಕ್ಕಿಂತ ಎರಡು ಪಟ್ಟಿಗೂ ಹೆಚ್ಚು.